ಬೆಲೆಯ ಬದಲು ಗಂಟೆ ತೋರಿಸಿ: ಮದುವೆ ಪ್ಯಾಕೇಜ್‌ಗೆ 38 ಸೆಕೆಂಡಿನ ರೀಲ್ ಸ್ಕ್ರಿಪ್ಟ್

ಪ್ರಶ್ನೆ: ನಾನು ಮದುವೆ ಫೋಟೋಗ್ರಾಫರ್. ಮೂರು ಪ್ಯಾಕೇಜ್ ಇಟ್ಟುಕೊಂಡಿದ್ದೇನೆ. ರೀಲ್‌ನಲ್ಲಿ ಬೆಲೆ ಹಾಕಿದರೆ ‘ಆಲ್ಬಂ ಸೇರಿದೆಯಾ, ಪ್ರಯಾಣದ ಖರ್ಚು ಬೇರೆನಾ’ ಅಂತ ಗೊಂದಲ. ಹಾಕದಿದ್ದರೆ ‘ರೇಟ್ ಎಷ್ಟು’ ಅನ್ನೋದು ಬಿಟ್ಟು ಬೇರೆ ಮಾತೇ ಇಲ್ಲ. ನಿಶ್ಚಿತಾರ್ಥ ಆಗಿರೋ ಜೋಡಿಗಳಿಗೆ ಪ್ಯಾಕೇಜ್‌ನ ವಿಶೇಷ ಏನು ಅಂತ ಬೆಲೆ ಹೇಳದೆ ತೋರಿಸೋ ಒಂದು ಸ್ಕ್ರಿಪ್ಟ್ ಹೇಗೆ ಬರೆಯಲಿ?

ಉತ್ತರ: ಸ್ಕ್ರಿಪ್ಟ್ ಬರೆಯುವ ಮೊದಲು ಹತ್ತು ನಿಮಿಷದ ಒಂದು ಕೆಲಸ ಇದೆ. ಮೂರೂ ಪ್ಯಾಕೇಜ್‌ಗಳನ್ನು ಒಂದು ಹಾಳೆಯಲ್ಲಿ ಬರೆದು, ಬೆಲೆಯ ಸಾಲನ್ನು ಕೈಯಿಂದ ಮುಚ್ಚಿ. ಕ್ಯಾಮೆರಾ ಹಿಡಿದು ಗೊತ್ತಿಲ್ಲದ ಒಬ್ಬರಿಗೆ ಆ ಹಾಳೆ ತೋರಿಸಿ, ‘ಮೊದಲನೆಯದಕ್ಕೂ ಎರಡನೆಯದಕ್ಕೂ ಏನು ವ್ಯತ್ಯಾಸ’ ಎಂದು ಕೇಳಿ. ‘ಇದರಲ್ಲಿ ಏನೋ ಜಾಸ್ತಿ ಇದೆ’ ಎಂಬುದಕ್ಕಿಂತ ಮುಂದೆ ಅವರ ಮಾತು ಹೋಗದಿದ್ದರೆ, ಗೊಂದಲದ ಬೇರು ಅಲ್ಲೇ ಇದೆ. ವ್ಯತ್ಯಾಸ ಗೊತ್ತಾಗದವರಿಗೆ ಹೋಲಿಸಿ ನೋಡಲು ಉಳಿಯುವುದು ಬೆಲೆಯೊಂದೇ. ಅದಕ್ಕೇ ಎಲ್ಲರೂ ಅದನ್ನೇ ಕೇಳುತ್ತಾರೆ.

ನಾನು ನೋಡಿದ ಬಹುಪಾಲು ಹಾಳೆಗಳಲ್ಲಿ ಒಂದೇ ತಪ್ಪು. ಕ್ಯಾಂಡಿಡ್, ಟ್ರೆಡಿಷನಲ್, ಸಿನಿಮ್ಯಾಟಿಕ್, ಟೀಸರ್, ಹೈಲೈಟ್ ಎಂದು ನಮ್ಮ ಕಸುಬಿನ ಮಾತುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಮೊದಲ ಸಲ ಮದುವೆಯಾಗುವವರಿಗೆ ಟೀಸರ್ ಯಾವುದು, ಹೈಲೈಟ್ ಯಾವುದು ಎಂದು ಹೇಗೆ ಗೊತ್ತಾಗಬೇಕು? ಅವರಿಗೆ ಚೆನ್ನಾಗಿ ಗೊತ್ತಿರುವುದು ತಮ್ಮ ಮದುವೆಯ ದಿನ: ಎಷ್ಟು ಹೊತ್ತಿಗೆ ಏಳಬೇಕು, ಮುಖ್ಯ ವಿಧಿ ಯಾವಾಗ, ಸಂಜೆ ಎಲ್ಲಿ, ರಾತ್ರಿ ಎಷ್ಟು ಹೊತ್ತಾಗುತ್ತದೆ. ಹಾಗಾಗಿ ಪ್ಯಾಕೇಜ್‌ಗಳನ್ನು ಅವರ ದಿನದ ಗಡಿಯಾರದ ಮೇಲೆ ಕೂರಿಸಿ. ನೀವು ಎಷ್ಟು ಹೊತ್ತಿಗೆ ಬರುತ್ತೀರಿ, ಎಷ್ಟು ಹೊತ್ತಿಗೆ ಹೋಗುತ್ತೀರಿ, ಎಷ್ಟು ಜನ ಬರುತ್ತೀರಿ. ಇಷ್ಟನ್ನು ತೋರಿಸಿದರೆ ಬೆಲೆ ಯಾಕೆ ಏರುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಬರುವುದಿಲ್ಲ, ನೋಡುವವರೇ ಲೆಕ್ಕ ಹಾಕುತ್ತಾರೆ.

ಹೆಸರುಗಳನ್ನೂ ಈ ಸಲ ಬದಲಿಸಿ. ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂಬ ಹೆಸರುಗಳು ಒಳಗೇನಿದೆ ಎಂದು ಹೇಳುವುದಿಲ್ಲ. ಸಾಲದ್ದಕ್ಕೆ, ಚಿಕ್ಕದನ್ನು ಆರಿಸಿಕೊಂಡವರಿಗೆ ತಾವೇನೋ ಕಡಿಮೆಯಾದೆವು ಅನಿಸುವಂತೆ ಮಾಡುತ್ತವೆ. ‘ಆರು ಗಂಟೆ’, ‘ಇಡೀ ದಿನ’, ‘ಎರಡು ದಿನ’ ಎಂದಿಟ್ಟರೆ ಹೆಸರೇ ವಿವರಣೆಯ ಅರ್ಧ ಕೆಲಸ ಮಾಡುತ್ತದೆ.

ಈಗ ಒಂದು ಉದಾಹರಣೆ ಹಿಡಿದು ಬರೆಯೋಣ. ಮೊದಲನೆಯದರಲ್ಲಿ ಆರು ಗಂಟೆ, ಒಬ್ಬ ಫೋಟೋಗ್ರಾಫರ್, ಆನ್‌ಲೈನ್ ಗ್ಯಾಲರಿ. ಎರಡನೆಯದರಲ್ಲಿ ಹನ್ನೆರಡು ಗಂಟೆ, ಇಬ್ಬರು ಫೋಟೋಗ್ರಾಫರ್, ವಿಡಿಯೊಗೆ ಇನ್ನೊಬ್ಬರು, ಆಲ್ಬಂ, ಐದು ನಿಮಿಷದ ಚಿತ್ರ. ಮೂರನೆಯದು ಎರಡನೆಯದೇ, ಜೊತೆಗೆ ಹಿಂದಿನ ದಿನದ ಸಂಜೆ. ರೀಲ್ 38 ಸೆಕೆಂಡ್. ಕನ್ನಡದ ಪದಗಳು ಉದ್ದ. ಆತುರವಿಲ್ಲದೆ ಮಾತಾಡಿದರೆ ಸೆಕೆಂಡಿಗೆ ಎರಡು ಪದ ಹಿಡಿಸುತ್ತದೆ, ಅದಕ್ಕಿಂತ ಹೆಚ್ಚು ತುರುಕಿದರೆ ಹರಾಜು ಕೂಗಿದ ಹಾಗಾಗುತ್ತದೆ. ಐದು ಸೆಕೆಂಡ್ ಮೌನಕ್ಕೆ ಬಿಟ್ಟರೆ ಉಳಿಯುವುದು ಸುಮಾರು 65 ಪದ. ಇಡೀ ಸ್ಕ್ರಿಪ್ಟ್ ಅಷ್ಟರೊಳಗೆ ಮುಗಿಯಬೇಕು.

0–3 ಸೆಕೆಂಡ್. ಪರದೆ ಅಡ್ಡಕ್ಕೆ ಎರಡು ಭಾಗ. ಮೇಲೆ ವಧು ಬಾಗಿಲು ದಾಟಿ ಒಳಗೆ ಬರುತ್ತಿದ್ದಾಳೆ, ಕೆಳಗೆ ಅದೇ ಕ್ಷಣದಲ್ಲಿ ವರನ ಮುಖ.
ಧ್ವನಿ: ‘ಅವಳು ಒಳಗೆ ಕಾಲಿಟ್ಟ ಕ್ಷಣ. ಅವನ ಮುಖ ನೋಡಿ.’

3–6 ಸೆಕೆಂಡ್. ಅದೇ ದೃಶ್ಯ ಮುಂದುವರಿಯುತ್ತದೆ. ನಿಮ್ಮ ಮಾತು ಬೇಡ, ಅಲ್ಲಿನ ಸದ್ದು ಮಾತ್ರ ಕೇಳಲಿ.
ಪರದೆಯ ಮೇಲೆ: ‘ಒಂದೇ ಕ್ಷಣ, ಎರಡು ಕ್ಯಾಮೆರಾ’

6–14 ಸೆಕೆಂಡ್. ವಿಧಿಗೆ ಮುಂಚಿನ ಒಂದು ನೋಟ, ವಿಧಿಯ ಎರಡು, ಗುಂಪು ಫೋಟೊಗೆ ಜನ ಸಾಲುಗಟ್ಟುವ ಒಂದು. ಮೂಲೆಯಲ್ಲಿ ಗಡಿಯಾರದ ಅಂಕಿ ಓಡುತ್ತಿರಲಿ.
ಪರದೆಯ ಮೇಲೆ: ‘ಆರು ಗಂಟೆ’
ಧ್ವನಿ: ‘ಆರು ಗಂಟೆ ಅಂದರೆ, ವಿಧಿಗೆ ಸ್ವಲ್ಪ ಮೊದಲಿನಿಂದ ಗುಂಪು ಫೋಟೊ ಮುಗಿಯುವವರೆಗೆ. ಒಬ್ಬ ಫೋಟೋಗ್ರಾಫರ್.’

14–23 ಸೆಕೆಂಡ್. ಅಲಂಕಾರದ ಕೋಣೆಯ ಬೆಳಕು, ಮಧ್ಯಾಹ್ನ, ಸಂಜೆ, ಖಾಲಿಯಾಗುತ್ತಿರುವ ಸಭಾಂಗಣ. ಕೊನೆಗೆ ಎರಡು ಕೈಗಳು ಆಲ್ಬಂನ ಒಂದು ಹಾಳೆ ತಿರುಗಿಸುತ್ತವೆ.
ಪರದೆಯ ಮೇಲೆ: ‘ಇಡೀ ದಿನ’
ಧ್ವನಿ: ‘ಇಡೀ ದಿನ ಅಂದರೆ, ಅಲಂಕಾರದ ಕೋಣೆಯಿಂದ ಕೊನೆಯ ಅತಿಥಿ ಹೊರಡುವವರೆಗೆ. ಇಬ್ಬರು ಫೋಟೋಗ್ರಾಫರ್, ವಿಡಿಯೊಗೆ ಇನ್ನೊಬ್ಬರು. ಆಲ್ಬಂ, ಐದು ನಿಮಿಷದ ಚಿತ್ರ.’

23–29 ಸೆಕೆಂಡ್. ಹಿಂದಿನ ಸಂಜೆಯ ಎರಡು ನೋಟ, ಮನೆಯವರ ನಗು.
ಪರದೆಯ ಮೇಲೆ: ‘ಎರಡು ದಿನ’
ಧ್ವನಿ: ‘ಎರಡು ದಿನ ಅಂದರೆ, ಇದೇ ತಂಡ ಹಿಂದಿನ ಸಂಜೆಯಿಂದಲೇ ನಿಮ್ಮ ಜೊತೆ.’

29–36 ಸೆಕೆಂಡ್. ನೀವೇ ಕ್ಯಾಮೆರಾ ನೋಡಿ ಹೇಳಿ.
ಪರದೆಯ ಮೇಲೆ, ಒಂದರ ಕೆಳಗೊಂದು: ‘ದಿನಾಂಕ? ಎಷ್ಟು ಹೊತ್ತು? ಎಷ್ಟು ಜಾಗ?’
ಧ್ವನಿ: ‘ದಿನಾಂಕ, ಎಷ್ಟು ಹೊತ್ತು, ಎಷ್ಟು ಜಾಗ. ಈ ಮೂರು ಬರೆದು ಕಳಿಸಿ. ಎಲ್ಲ ಸೇರಿದ ಒಂದೇ ಮೊತ್ತ ತಿಳಿಸುತ್ತೇವೆ.’

36–38 ಸೆಕೆಂಡ್. ಮೊದಲಿನ ಜೋಡಿಯ ಒಂದು ಸ್ಥಿರ ಫೋಟೊ. ಮಾತಿಲ್ಲ.

ಸ್ಕ್ರಿಪ್ಟ್ ಇಷ್ಟೇ. ಇನ್ನು ಇದನ್ನು ಹಾಳುಮಾಡುವ ಕೆಲವು ಜಾಗಗಳನ್ನು ನೋಡೋಣ.

ಮೊದಲ ಆರು ಸೆಕೆಂಡಿಗೆ ನಾನು ಇಷ್ಟು ಸಮಯ ಕೊಡಲು ಕಾರಣವಿದೆ. ನಿಮ್ಮ ಮೊದಲ ಎರಡು ಪ್ಯಾಕೇಜ್‌ಗಳ ನಡುವೆ ಬೆಲೆಯ ದೊಡ್ಡ ಜಿಗಿತ ಬರುವುದು ಎರಡನೇ ಫೋಟೋಗ್ರಾಫರ್‌ನಿಂದ. ಜೋಡಿಗಳಿಗೆ ಅತಿ ಕಡಿಮೆ ಅರ್ಥವಾಗುವುದೂ ಅದೇ. ‘ಇಬ್ಬರು ಯಾಕೆ, ಒಬ್ಬರೇ ಓಡಾಡಿ ತೆಗೆಯಬಹುದಲ್ಲ’ ಎಂದು ನನ್ನನ್ನು ಕೇಳಿದವರು ಬಹಳ. ಬಾಯಲ್ಲಿ ಎಷ್ಟು ಹೇಳಿದರೂ ಅದು ಮಾರಾಟದ ಮಾತಿನಂತೆ ಕೇಳುತ್ತದೆ. ಒಂದೇ ಕ್ಷಣವನ್ನು ಎರಡು ಕಡೆಯಿಂದ ತೋರಿಸಿಬಿಟ್ಟರೆ, ಒಬ್ಬರೇ ಇದ್ದಿದ್ದರೆ ಆ ಎರಡು ಮುಖಗಳಲ್ಲಿ ಒಂದು ಸಿಗುತ್ತಿರಲಿಲ್ಲ ಎಂಬುದು ನೋಡಿದವರಿಗೆ ತಾನಾಗಿ ಹೊಳೆಯುತ್ತದೆ.

ಆದರೆ ಅದು ನಿಜವಾಗಿ ಒಂದೇ ಕ್ಷಣವಾಗಿರಬೇಕು. ಬೇರೆ ಬೇರೆ ನಿಮಿಷದ ತುಣುಕುಗಳನ್ನು ಜೋಡಿಸಿದರೆ ಬೆಳಕೋ, ಹಿಂದೆ ನಿಂತವರ ಜಾಗವೋ ಗುಟ್ಟು ಬಿಟ್ಟುಕೊಡುತ್ತದೆ. ಎರಡೂ ಕ್ಯಾಮೆರಾಗಳಲ್ಲಿ ಧ್ವನಿ ದಾಖಲಾಗಿರುತ್ತದಲ್ಲ, ಆ ಎರಡು ಧ್ವನಿಯ ಅಲೆಗಳನ್ನು ಟೈಮ್‌ಲೈನ್‌ನಲ್ಲಿ ಒಂದರ ಕೆಳಗೊಂದು ಇಟ್ಟು, ಒಂದು ಚಪ್ಪಾಳೆಯೋ ಗಟ್ಟಿ ಸದ್ದೋ ಸಿಗುವಲ್ಲಿ ಸರಿಹೊಂದಿಸಿ. ಎಡಿಟಿಂಗ್ ಸಾಫ್ಟ್‌ವೇರ್‌ಗಳು ಈ ಕೆಲಸವನ್ನು ತಾವೇ ಮಾಡುವುದೂ ಉಂಟು, ಆದರೂ ಒಮ್ಮೆ ಕಣ್ಣಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಮೂಲೆಯಲ್ಲಿ ಓಡುವ ಗಡಿಯಾರಕ್ಕೂ ಇದೇ ಎಚ್ಚರ ಬೇಕು. ಫೈಲ್‌ನಲ್ಲಿರುವ ಸಮಯವನ್ನು ನಂಬಿ ಅಂಕಿ ಹಾಕುತ್ತೀರಿ, ಆದರೆ ಕ್ಯಾಮೆರಾದ ಗಡಿಯಾರವೇ ತಪ್ಪಿದ್ದರೆ ಉರಿ ಬಿಸಿಲಿನ ದೃಶ್ಯದ ಮೇಲೆ ರಾತ್ರಿ ಎಂಟು ಗಂಟೆ ಎಂದಿರುತ್ತದೆ.

ಅಡ್ಡಕ್ಕೆ ಎರಡು ಭಾಗ ಮಾಡಲು ಇನ್ನೊಂದು ಕಾರಣ ತಾಂತ್ರಿಕವಾದದ್ದು. ಮದುವೆಯ ವಿಡಿಯೊ ಸಾಮಾನ್ಯವಾಗಿ ಅಗಲಕ್ಕೆ, 16:9ರಲ್ಲಿ ತೆಗೆದದ್ದು. ಅದನ್ನು ರೀಲ್‌ನ 9:16ಕ್ಕೆ ಕತ್ತರಿಸಿದರೆ ಅಗಲದಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಉಳಿಯುತ್ತದೆ. 1920×1080ರ ತುಣುಕಾದರೆ ನಿಮ್ಮ ಕೈಗೆ ಸಿಗುವುದು ಸುಮಾರು 608 ಪಿಕ್ಸೆಲ್ ಅಗಲ, ಅದನ್ನು 1080ಕ್ಕೆ ಎಳೆದಾಗ ಮುಖ ಮಸುಕಾಗುತ್ತದೆ. ಪರದೆಯನ್ನು ಮೇಲೆ ಕೆಳಗೆ ಎಂದು ಎರಡು ಭಾಗ ಮಾಡಿದಾಗ ಒಂದೊಂದು ಭಾಗ 1080×960 ಆಗುತ್ತದೆ. ಅದೇ ತುಣುಕಿನಿಂದ 1215 ಪಿಕ್ಸೆಲ್ ಅಗಲ ಸಿಗುವುದರಿಂದ ಎಳೆಯುವ ಮಾತೇ ಇಲ್ಲ. ಉಳಿದ ದೃಶ್ಯಗಳಿಗೆ 4ಕೆ ತುಣುಕುಗಳಿದ್ದರೆ ಅವನ್ನೇ ಬಳಸಿ. ಇಲ್ಲದಿದ್ದರೆ ಉದ್ದಕ್ಕೆ ತೆಗೆದ ಸ್ಥಿರ ಫೋಟೊಗಳನ್ನು ನಿಧಾನವಾಗಿ ಹತ್ತಿರ ತನ್ನಿ, ಮಸುಕು ವಿಡಿಯೊಗಿಂತ ಅದು ಎಷ್ಟೋ ಮೇಲು.

ಎರಡನೇ ಜಾಗ, ನಾನೇ ಎಡವಿ ಬಿದ್ದದ್ದು. ಚಿಕ್ಕ ಪ್ಯಾಕೇಜ್ ತೋರಿಸುವ ಹೊತ್ತಿನಲ್ಲಿ ಒಮ್ಮೆ ಡ್ರೋನ್‌ನಿಂದ ತೆಗೆದ ಒಂದೂವರೆ ಸೆಕೆಂಡಿನ ತುಣುಕು ಸೇರಿಸಿಬಿಟ್ಟಿದ್ದೆ. ನೋಡಲು ಚೆನ್ನಾಗಿತ್ತು ಎಂಬುದು ಬಿಟ್ಟರೆ ಬೇರೆ ಕಾರಣವಿರಲಿಲ್ಲ. ಬುಕ್ ಮಾಡಿದ ಜೋಡಿ ‘ಡ್ರೋನ್ ಎಷ್ಟು ಹೊತ್ತಿಗೆ ಬರುತ್ತೆ’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅವರ ತಪ್ಪು ಏನೂ ಇರಲಿಲ್ಲ, ಆ ಹೆಸರಿನ ಕೆಳಗೆ ನಾನೇ ಅದನ್ನು ತೋರಿಸಿದ್ದೆ. ಕೈಯಿಂದ ದುಡ್ಡು ಹಾಕಿ ಡ್ರೋನ್ ಕರೆಸಿದೆ. ಅಂದಿನಿಂದ ‘ಆರು ಗಂಟೆ’ ಎಂದು ಪರದೆಯ ಮೇಲಿರುವಷ್ಟು ಹೊತ್ತು ಆರು ಗಂಟೆಯ ಪ್ಯಾಕೇಜ್‌ನಲ್ಲೇ, ಒಬ್ಬರೇ ತೆಗೆದ ದೃಶ್ಯ ಮಾತ್ರ ಹಾಕುತ್ತೇನೆ. ಅಂಥವು ಸಾಧಾರಣವಾಗಿ ಕಂಡರೆ ಆ ಪ್ಯಾಕೇಜನ್ನೇ ಸುಧಾರಿಸಬೇಕು, ಬೇರೆಡೆಯಿಂದ ದೃಶ್ಯ ಎರವಲು ತರಬಾರದು.

ನಾನು ಸ್ಕ್ರಿಪ್ಟ್‌ನಲ್ಲಿ ಫೋಟೊಗಳ ಸಂಖ್ಯೆ ಹಾಕಿಲ್ಲ ಎಂಬುದನ್ನು ಗಮನಿಸಿರಬಹುದು. ‘ಅನ್‌ಲಿಮಿಟೆಡ್ ಫೋಟೊ’ ಎಂಬ ಮಾತಂತೂ ಎಲ್ಲೂ ಬೇಡ. ತೆಗೆದವೆಲ್ಲ ಸಿಗುತ್ತವೆ ಎಂದು ಒಬ್ಬರು, ಎಲ್ಲವನ್ನೂ ಎಡಿಟ್ ಮಾಡಿ ಕೊಡುತ್ತಾರೆ ಎಂದು ಇನ್ನೊಬ್ಬರು ಅರ್ಥ ಮಾಡಿಕೊಳ್ಳುತ್ತಾರೆ. ಸಂಖ್ಯೆ ಹೇಳಿದರೂ ತೊಂದರೆಯೇ. ಒಬ್ಬರು 400 ಎನ್ನುತ್ತಾರೆ, ಪಕ್ಕದವರು 1,000 ಎನ್ನುತ್ತಾರೆ. ಬಣ್ಣ ತಿದ್ದಿ, ಕಣ್ಣು ಮುಚ್ಚಿದವನ್ನು ತೆಗೆದು, ಆರಿಸಿ ಕೊಟ್ಟ 400 ಯಾವುದು, ಕಾರ್ಡ್‌ನಿಂದ ಹಾಗೇ ಸುರಿದ 1,000 ಯಾವುದು ಎಂದು ಎಂಟು ಸೆಕೆಂಡಿನಲ್ಲಿ ಹೇಳಲಾಗದು. ಅದನ್ನು ಬರಹದಲ್ಲಿ ಕಳಿಸುವ ವಿವರಕ್ಕೆ ಬಿಡಿ. ಆಲ್ಬಂ ವಿಷಯದಲ್ಲಿ ಮಾತ್ರ ಕಣ್ಣಿಗೆ ಕಾಣುವ ಪುರಾವೆ ಕೊಡಿ: ಕೈಗಳು ಚೌಕಟ್ಟಿನೊಳಗೆ ಇದ್ದರೆ ಗಾತ್ರ ತಿಳಿಯುತ್ತದೆ, ಹಾಳೆ ತಿರುಗಿಸುವಾಗ ಅದರ ದಪ್ಪ ತಿಳಿಯುತ್ತದೆ. ಆ ಹಾಳೆಯ ಸದ್ದನ್ನು ಸಂಗೀತದ ಕೆಳಗೆ ಹೂತುಹಾಕಬೇಡಿ.

ಸಂಗೀತದ ಮಾತು ಬಂತಲ್ಲ. ಇನ್‌ಸ್ಟಾಗ್ರಾಂನಲ್ಲಿ ವ್ಯಾಪಾರದ ಖಾತೆಗಳಿಗೆ ಚಾಲ್ತಿಯಲ್ಲಿರುವ ಸಿನಿಮಾ ಹಾಡುಗಳೆಲ್ಲ ಸಿಗುವುದಿಲ್ಲ, ಪರವಾನಗಿ ಇರುವ ಸಂಗ್ರಹದಿಂದಲೇ ಆರಿಸಬೇಕು. ಬೇರೆಡೆಯಿಂದ ಹಾಡು ತಂದು ಅಂಟಿಸಿದರೆ ಒಂದು ದಿನ ರೀಲ್ ಮೂಕವಾಗಬಹುದು, ಅದರ ಜೊತೆ ನಿಮ್ಮ ಧ್ವನಿಯೂ ಹೋಗುತ್ತದೆ. ರೀಲ್‌ನಲ್ಲಿ ಕಾಣುವ ಜೋಡಿಯಿಂದ ಜಾಹೀರಾತಿಗೆ ಬಳಸಲು ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಫೋಟೊ ತೆಗೆಸಿಕೊಳ್ಳಲು ಒಪ್ಪಿದ್ದು ಬೇರೆ, ಇದು ಬೇರೆ.

ಪರದೆಯ ಮೇಲಿನ ಅಕ್ಷರಗಳು ಮೂರನೇ ಜಾಗ. ಫೋನಿನಲ್ಲಿ ಸದ್ದಿಲ್ಲದೆ ನೋಡುವವರಿಗೆ ನಿಮ್ಮ ರೀಲ್ ಅಂದರೆ ಆ ಅಕ್ಷರಗಳೇ. ಕೆಳಗಡೆ ನಿಮ್ಮ ಖಾತೆಯ ಹೆಸರು ಮತ್ತು ಶೀರ್ಷಿಕೆ, ಬಲಗಡೆ ಲೈಕ್ ಗುಂಡಿಗಳು ಬಂದು ಕೂರುತ್ತವೆ. ರೀಲ್ ಜಾಹೀರಾತುಗಳಿಗೆ ಮೆಟಾ ಕೊಡುವ ಸೂಚನೆಯಲ್ಲಿ ಮೇಲಿನ 14%, ಕೆಳಗಿನ 35%, ಅಕ್ಕಪಕ್ಕ 6% ಖಾಲಿ ಬಿಡಿ ಎಂದಿದೆ. ಮಾಮೂಲಿ ರೀಲ್‌ಗೂ ಅದನ್ನೇ ಪಾಲಿಸಿದರೆ ನಷ್ಟವಿಲ್ಲ. ‘ಎಷ್ಟು ಜಾಗ?’ ಎಂಬ ಕೊನೆಯ ಸಾಲು ಗುಂಡಿಯ ಹಿಂದೆ ಅಡಗಿದರೆ ಮೂರರ ಬದಲು ಎರಡೇ ಉತ್ತರ ಬರುತ್ತವೆ, ಅಷ್ಟೇ. ಪ್ರತಿ ಸಾಲನ್ನೂ ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ನಿಲ್ಲಿಸಿ.

ಕನ್ನಡ ಅಕ್ಷರಗಳಿಗೆ ಇನ್ನೊಂದು ಪರೀಕ್ಷೆ ಇದೆ. ಕೆಲವು ಎಡಿಟಿಂಗ್ ಆ್ಯಪ್‌ಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ, ಅರ್ಕಾವತ್ತು ತಪ್ಪು ಜಾಗದಲ್ಲಿ ಬರುತ್ತದೆ. ಪ್ರೀಮಿಯರ್ ಬಳಸುವವರು ಸೆಟ್ಟಿಂಗ್‌ನಲ್ಲಿ `South Asian and Middle Eastern` ಆರಿಸಿಕೊಳ್ಳಬೇಕು. ‘ಕ್ಷಣ’ ಮತ್ತು ‘ನಿಶ್ಚಿತಾರ್ಥ’ ಎಂಬ ಎರಡು ಪದಗಳನ್ನು ಬರೆದು ನೋಡಿ. ಅವೆರಡು ಸರಿಯಾಗಿ ಮೂಡಿದರೆ ಉಳಿದವೂ ಬಹುಮಟ್ಟಿಗೆ ಸರಿಯಾಗಿರುತ್ತವೆ. ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಸ್ವಲ್ಪ ಹೆಚ್ಚು ಅಂತರ ಬಿಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಇನ್ನು ಆ ಮೂರು ಪ್ರಶ್ನೆಗಳು. ಬೆಲೆ ಹೇಳದ ರೀಲ್ ನಿಲ್ಲುವುದೋ ಬೀಳುವುದೋ ಇಲ್ಲೇ. ‘ಬೆಲೆಗಾಗಿ ಮೆಸೇಜ್ ಮಾಡಿ’ ಎಂದರೆ ಏನನ್ನೋ ಬಚ್ಚಿಡುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ. ‘ಇಷ್ಟರಿಂದ ಶುರು’ ಎಂದರೆ ಆ ‘ಇಷ್ಟೇ’ ತಲೆಯಲ್ಲಿ ಉಳಿದು, ನೀವು ಮುಂದೆ ಹೇಳುವ ಪ್ರತಿ ಮೊತ್ತವೂ ಮೋಸದಂತೆ ಕಾಣುತ್ತದೆ. ರೀಲ್ ಎರಡು ವರ್ಷ ಓಡಾಡುತ್ತಿರಬಹುದು, ನಿಮ್ಮ ದರ ಅಷ್ಟರಲ್ಲಿ ಬದಲಾಗಿರುತ್ತದೆ. ಆದರೆ ಮೊತ್ತ ಯಾವುದರ ಮೇಲೆ ನಿಂತಿದೆ ಎಂಬುದು ಬದಲಾಗುವುದಿಲ್ಲ: ನೀವು ಖಾಲಿ ಇದ್ದೀರಾ, ಎಷ್ಟು ಹೊತ್ತು ಬೇಕು, ತಂಡ ಎಲ್ಲೆಲ್ಲಿಗೆ ಓಡಬೇಕು. ಅದನ್ನೇ ಕೇಳುತ್ತೀರಿ. ಕೇಳಿದ ಮೂರಕ್ಕೂ ಉತ್ತರ ಬರೆದವರು ಮದುವೆಯ ತಯಾರಿಯಲ್ಲಿ ನಿಜವಾಗಿ ಇಳಿದವರು ಎಂಬುದೂ ನಿಮಗೆ ಗೊತ್ತಾಗುತ್ತದೆ.

ಅವರು ಬರೆದ ಮೇಲೆ ನೀವು ಕೊಡುವ ಮೊದಲ ಉತ್ತರದಲ್ಲೇ ಮೊತ್ತ ಇರಬೇಕು. ‘ನಂಬರ್ ಕೊಡಿ, ಮಾತಾಡೋಣ’ ಎಂದರೆ ರೀಲ್‌ನಲ್ಲಿ ಕೊಟ್ಟ ಮಾತನ್ನು ನೀವೇ ಮುರಿದಂತೆ. ನಾನು ಇಟ್ಟುಕೊಂಡಿರುವ ಉತ್ತರ ಹೀಗಿದೆ:

‘ನಮಸ್ಕಾರ. ನೀವು ಹೇಳಿದ ದಿನ ನಮ್ಮ ತಂಡ ಖಾಲಿ ಇದೆ. ಹನ್ನೊಂದು ಗಂಟೆ, ಎರಡು ಜಾಗ ಎಂದಿದ್ದೀರಿ, ಅದಕ್ಕೆ ನಮ್ಮ “ಇಡೀ ದಿನ” ಹೊಂದುತ್ತದೆ. ಒಟ್ಟು ಮೊತ್ತ ____. ಇಬ್ಬರು ಫೋಟೋಗ್ರಾಫರ್, ಒಬ್ಬ ವಿಡಿಯೊಗ್ರಾಫರ್, ಆಲ್ಬಂ, ಐದು ನಿಮಿಷದ ಚಿತ್ರ, ತಂಡದ ಪ್ರಯಾಣ, ತೆರಿಗೆ ಎಲ್ಲವೂ ಇದರಲ್ಲಿ ಸೇರಿವೆ. ಹನ್ನೆರಡು ಗಂಟೆ ದಾಟಿದರೆ ಮಾತ್ರ ಗಂಟೆಗೆ ____ ಹೆಚ್ಚುತ್ತದೆ. ಫೋಟೊಗಳು ____ ವಾರದಲ್ಲಿ, ಆಲ್ಬಂ ____ ವಾರದಲ್ಲಿ ಕೈಸೇರುತ್ತವೆ. ಈ ಮೊತ್ತ ____ ತಾರೀಕಿನವರೆಗೆ ಇರುತ್ತದೆ.’

ಹೆಚ್ಚುವರಿ ಗಂಟೆಯ ದರವನ್ನು ಈಗಲೇ ಹೇಳುವುದು ಅಪಶಕುನ ಎಂದು ಕೆಲವರು ಬಿಟ್ಟುಬಿಡುತ್ತಾರೆ. ಮದುವೆಯ ಕಾರ್ಯಕ್ರಮ ತಡವಾಗದೆ ಮುಗಿದದ್ದನ್ನು ನಾನಂತೂ ಅಪರೂಪಕ್ಕೆ ನೋಡಿದ್ದೇನೆ. ಆ ಸಾಲು ಇಲ್ಲದಿದ್ದರೆ ಕೊನೆಯ ಬಿಲ್ಲಿನ ದಿನ ಜಗಳ ಆಗುತ್ತದೆ.

ಹಾಕುವ ಮುಂಚೆ ರೀಲನ್ನು ಸದ್ದು ತೆಗೆದು ಯಾರಿಗಾದರೂ ಒಮ್ಮೆ ತೋರಿಸಿ. ಮೂರು ಪ್ಯಾಕೇಜ್‌ಗಳ ಹೆಸರೇನು, ಎರಡನೆಯದರಲ್ಲಿ ಎಷ್ಟು ಜನ ಬರುತ್ತಾರೆ, ಈಗ ಏನು ಬರೆದು ಕಳಿಸಬೇಕು ಎಂದು ಕೇಳಿ. ಸದ್ದಿಲ್ಲದಿದ್ದಾಗ ಎಷ್ಟು ಜನ ಎಂಬುದು ಅಕ್ಷರದಲ್ಲಿ ಎಲ್ಲೂ ಇಲ್ಲ ಎಂದು ಆಗ ನಿಮಗೇ ಹೊಳೆಯುತ್ತದೆ. ‘ಇಡೀ ದಿನ’ದ ಕೆಳಗೆ ಚಿಕ್ಕದಾಗಿ ‘ಮೂವರ ತಂಡ’ ಎಂದು ಸೇರಿಸಿ. ನಾನು ಮೇಲಿನ ಸ್ಕ್ರಿಪ್ಟ್‌ನಲ್ಲಿ ಅದನ್ನು ಸೇರಿಸಿಲ್ಲ. ಈ ಪರೀಕ್ಷೆ ಏನು ಹಿಡಿದುಕೊಡುತ್ತದೆ ಎಂದು ನೀವೇ ಕಾಣಲಿ ಎಂದು ಬಿಟ್ಟೆ.

ಹಾಕಿದ ಮೇಲೆ ಬರುವ ಪ್ರಶ್ನೆಗಳನ್ನು ಒಂದು ವಾರ ಬರೆದಿಡಿ. ‘ವಿಡಿಯೊ ಇದೆಯಾ’ ಎಂದು ಹಲವರು ಕೇಳಿದರೆ 14ರಿಂದ 23ನೇ ಸೆಕೆಂಡ್ ತುಂಬಾ ಕಿಕ್ಕಿರಿದಿದೆ, ಒಂದು ದೃಶ್ಯ ತೆಗೆದುಹಾಕಿ. ಬರಿ ‘ಎಷ್ಟು?’ ಎಂದು ಬಂದರೆ ಬೇಸರ ಪಡದೆ ಅದೇ ಮೂರು ಪ್ರಶ್ನೆ ಕಳಿಸಿ. ಆದರೆ ಅಂಥವೇ ಹೆಚ್ಚಾದರೆ ಜನ ಕೊನೆಯವರೆಗೆ ನೋಡುತ್ತಿಲ್ಲ ಎಂದರ್ಥ. ರೀಲ್‌ನ ಅಂಕಿಅಂಶದಲ್ಲಿ ಎಷ್ಟನೇ ಸೆಕೆಂಡಿಗೆ ಗೆರೆ ಕುಸಿಯುತ್ತದೆ ನೋಡಿ. ‘ಎರಡು ದಿನ’ ಶುರುವಾಗುವಲ್ಲಿ ಕುಸಿದರೆ ಆ ಭಾಗವನ್ನೇ ಕತ್ತರಿಸಿ ಮೂರು ಪ್ರಶ್ನೆಗಳನ್ನು 23ನೇ ಸೆಕೆಂಡಿಗೆ ತಂದುಬಿಡಿ. ಎರಡು ದಿನ ಬೇಕಾದವರು ‘ಎಷ್ಟು ಹೊತ್ತು’ ಎಂಬುದಕ್ಕೆ ಉತ್ತರಿಸುವಾಗ ತಾವೇ ಹೇಳುತ್ತಾರೆ.

ಒಂದು ಸಂದರ್ಭದಲ್ಲಿ ಮಾತ್ರ ಈ ಸ್ಕ್ರಿಪ್ಟ್ ಬೇಡ. ಗಂಟೆ, ಜಾಗ, ತಂಡ ಯಾವುದೂ ಬದಲಾಗದ ಒಂದೇ ಒಂದು ಪ್ಯಾಕೇಜ್ ನಿಮ್ಮಲ್ಲಿದ್ದು, ಎಲ್ಲರಿಗೂ ಒಂದೇ ಮೊತ್ತವಾದರೆ ಅದನ್ನು ರೀಲ್‌ನಲ್ಲೇ ಹೇಳಿಬಿಡಿ, ಎಲ್ಲ ಖರ್ಚೂ ಸೇರಿಸಿ, ಯಾವ ತಾರೀಕಿನವರೆಗೆ ಎಂಬುದರ ಸಮೇತ.